ಮೆಣಸಿನಕಾಯಿ ಪ್ಯಾರಾ, ನಾಲ್ಕು ಸಾಲಿನ ಟೇಬಲ್

[ತೆರೆಯ ಮೇಲೆ: ಮೇಜಿನ ಮೇಲೆ ಮೂರು ಗುಡ್ಡೆ ಒಣಮೆಣಸಿನಕಾಯಿ]

ನಮಸ್ಕಾರ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನಿಮಗೆ ಗೊತ್ತೇ ಇದೆ. ಅದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಪಕ್ಕದ ಗುಡ್ಡೆ ಗುಂಟೂರಿನದು. ಮೂರನ್ನೂ ಹೋಲಿಸಿ ನಾನೊಂದು ಪ್ಯಾರಾ ಬರೆದಿದ್ದೆ. ಅದನ್ನೀಗ ಟೇಬಲ್ ಮಾಡೋಣ. ಮೊದಲು ಓದುತ್ತೇನೆ ಕೇಳಿ.

"ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು. ಒಣಗಿದರೆ ಎರಡೂ ಚೆನ್ನಾಗಿ ಸುಕ್ಕಾಗುತ್ತವೆ, ಗುಂಟೂರು ಅಷ್ಟು ಸುಕ್ಕಾಗುವುದಿಲ್ಲ. ಖಾರದಲ್ಲಿ ಗುಂಟೂರು ಇವೆರಡಕ್ಕಿಂತ ಬಹಳ ಜಾಸ್ತಿ. ಡಬ್ಬಿ ಕಡ್ಡಿಗಿಂತ ಸ್ವಲ್ಪ ಕಡಿಮೆ. ಬೀಜ ಮಾತ್ರ ಡಬ್ಬಿಯಲ್ಲಿ ಕಡ್ಡಿಗಿಂತ ಜಾಸ್ತಿ. ಬಹಳ ದಿನ ಹೊರಗಿಟ್ಟರೆ ಬ್ಯಾಡಗಿಯ ಕೆಂಪು ಮಾಸುತ್ತದೆ, ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ಉಳಿಯುತ್ತದೆ."

ಮೊದಲು ಗೆರೆ ಎಳೆಯಬೇಡಿ. ಪೆನ್ಸಿಲ್ ಹಿಡಿದು ಪ್ರತಿ ಸಂಗತಿಗೂ ಒಂದು ನಂಬರ್ ಹಾಕಿ. ನನಗೆ 9 ಸಿಕ್ಕವು. ಆಮೇಲೆ ಮೂರು ಬಗೆ ಮೇಲಿನ ಸಾಲಿಗೆ, ಯಾವುದರಲ್ಲಿ ಹೋಲಿಸಿದ್ದೀರೋ ಅದು ಎಡಕ್ಕೆ.

ಖಾರದ ಸಾಲಿನಲ್ಲಿ ನಾನು ಎಡವಿದೆ. ಜಾಗ ಉಳಿಯಲಿ ಅಂತ ಸುಮ್ನೆ 1, 2, 3 ಬರೆದೆ. ತಂಗಿ ನೋಡಿ, "ಒಂದು ಅಂದ್ರ ಇದೇ ಖಾರ ಜಾಸ್ತಿ ಏನಕ್ಕಾ?" ಅಂದಳು. ನಾನು ಬರೆದದ್ದು ಉಲ್ಟಾ! ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಪ್ಯಾರಾದಲ್ಲಿ ಒಂದು ಕಡೆ "ಬಹಳ", ಇನ್ನೊಂದು ಕಡೆ "ಸ್ವಲ್ಪ" ಇದೆ. 1ಕ್ಕೂ 2ಕ್ಕೂ, 2ಕ್ಕೂ 3ಕ್ಕೂ ಒಂದೇ ಅಂತರ ಇದ್ದ ಹಾಗೆ ಕಂಡರೆ ಆ ಎರಡು ಪದ ಹೋದ ಹಾಗೇ ಅಲ್ವಾ? ಹಾಗಾಗಿ ಯಾವುದಕ್ಕಿಂತ, ಎಷ್ಟು ಅನ್ನೋದನ್ನು ಟೇಬಲ್ಲಿನ ಮನೆಯೊಳಗೇ ಬರೆಯಿರಿ.

[ತೆರೆಯ ಮೇಲೆ: ಟೇಬಲ್]

| | ಡಬ್ಬಿ | ಕಡ್ಡಿ | ಗುಂಟೂರು |
|---|---|---|---|
| ಆಕಾರ | ಗಿಡ್ಡ, ದಪ್ಪ | ಉದ್ದ, ತೆಳು | ಹೇಳಿಲ್ಲ |
| ಸುಕ್ಕು | ಜಾಸ್ತಿ | ಜಾಸ್ತಿ | ಅಷ್ಟಿಲ್ಲ |
| ಖಾರ | ಕಡ್ಡಿಗಿಂತ ಸ್ವಲ್ಪ ಕಡಿಮೆ | ಡಬ್ಬಿಗಿಂತ ಸ್ವಲ್ಪ ಜಾಸ್ತಿ | ಎರಡಕ್ಕಿಂತ ಬಹಳ ಜಾಸ್ತಿ |
| ಬೀಜ | ಕಡ್ಡಿಗಿಂತ ಜಾಸ್ತಿ | ಡಬ್ಬಿಗಿಂತ ಕಡಿಮೆ | ಹೇಳಿಲ್ಲ |

ಟಿಪ್ಪಣಿ: ಬ್ಯಾಡಗಿಯ ಕೆಂಪು ಬಹಳ ದಿನ ಹೊರಗಿಟ್ಟರೆ ಮಾಸುತ್ತದೆ, ಕೋಲ್ಡ್ ಸ್ಟೋರೇಜಿನಲ್ಲಿ ಉಳಿಯುತ್ತದೆ.

"ಹೇಳಿಲ್ಲ" ಅನ್ನೋದನ್ನು ನೋಡಿದಿರಾ? ಅಲ್ಲಿ ಅಡ್ಡಗೆರೆ ಎಳೆದಿದ್ದರೆ ಗುಂಟೂರಿನಲ್ಲಿ ಬೀಜವೇ ಇಲ್ಲ ಅಂತ ಯಾರಾದರೂ ಓದಿಯಾರು. ಸ್ವಂತ ತಿಳಿವಳಿಕೆಯಿಂದ ತುಂಬಿಸೋ ಆಸೆಯೂ ಆಗುತ್ತದೆ. ಬೇಡ, ಅದು ಪ್ಯಾರಾದಲ್ಲಿ ಇಲ್ಲ.

ಬಣ್ಣದ ಮಾತು ಕೆಳಗೆ ಹೋದದ್ದು ಏಕೆಂದರೆ ಅದಕ್ಕೊಂದು ಷರತ್ತಿದೆ. "ಹೊರಗಿಟ್ಟರೆ" ಬಿಟ್ಟು "ಮಾಸುತ್ತದೆ" ಅಂತಷ್ಟೇ ಸಾಲಿಗೆ ಹಾಕಿದರೆ ಬ್ಯಾಡಗಿಯ ಮಾನ ಹೋದೀತು. ಡಬ್ಬಿ, ಕಡ್ಡಿ ಎರಡಕ್ಕೂ ಒಂದೇ ಮಾತು, ಗುಂಟೂರಿನ ಬಣ್ಣದ ಬಗ್ಗೆ ಪ್ಯಾರಾ ಏನೂ ಹೇಳಿಲ್ಲ. ಹೋಲಿಸೋಕೆ ಏನೂ ಇಲ್ಲದ ಕಾರಣ ಬಣ್ಣಕ್ಕೆ ಒಂದು ಸಾಲು ಕೊಟ್ಟರೂ ದಂಡ.

ಈಗ 9 ನಂಬರನ್ನೂ ಒಂದೊಂದಾಗಿ ಹೊಡೆದು ಹಾಕುತ್ತಾ ಬನ್ನಿ. ನಂತರ ಪ್ಯಾರಾ ಮುಚ್ಚಿಟ್ಟು, ಅದನ್ನು ಓದದವರ ಕೈಗೆ ಟೇಬಲ್ ಕೊಡಿ. ಅವರು ಬಾಯಲ್ಲಿ ಹೇಳಿದ ವಾಕ್ಯಗಳನ್ನು ಪ್ಯಾರಾದ ಜೊತೆ ತಾಳೆ ನೋಡಿ. ನನ್ನ ತಂಗಿ ಎರಡನೇ ಸಲ ಓದಿದಾಗ "ಸ್ವಲ್ಪ", "ಬಹಳ" ಎರಡನ್ನೂ ಹೇಳಿದಳು. ಆಮೇಲೆ ಡಬ್ಬಿ ಗುಡ್ಡೆಯಿಂದ ಒಂದು ಹಿಡಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.