ಗ್ರಾಫಿನಲ್ಲಿ ಎರಡು ತಗ್ಗು
(ಕೊಪ್ಪಳದಲ್ಲಿ ಪಿಯು ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಕೊಪ್ಪಳದ ಅಜ್ಜನ ಜಾತ್ರೆ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ತೇರು ಹೊರಟಾಗ ಮುಂದಿನ ಸಾಲಿನವರಿಗೆ ತೇರು ಪೂರ್ತಿ ಕಾಣುತ್ತದೆ. ಹಿಂದಿನವರಿಗೆ ಕಾಣುವುದು ಮುಂದಿನವರ ತಲೆ, ರುಮಾಲು. ಪಕ್ಕದಲ್ಲಿ ನಿಂತವನು ಮಾತ್ರ ಅಷ್ಟಾಗಿ ಅಡ್ಡ ಬರುವುದಿಲ್ಲ.

ಪರಮಾಣುವಿನಲ್ಲಿ ತೇರಿನ ಜಾಗದಲ್ಲಿ ನ್ಯೂಕ್ಲಿಯಸ್ ಇದೆ. ಲಿಥಿಯಂನಲ್ಲಿ ಮೂರು ಪ್ರೋಟಾನ್. ಒಳಗಿನ ಎರಡು ಎಲೆಕ್ಟ್ರಾನ್ ಅಡ್ಡ ನಿಲ್ಲುವುದರಿಂದ ಹೊರಗಿನದಕ್ಕೆ ತಟ್ಟುವ ಸೆಳೆತ ಸುಮಾರು ಒಂದು ಪ್ರೋಟಾನಿನಷ್ಟು. ಫ್ಲೋರಿನ್‌ಗೆ ಬನ್ನಿ. ಪ್ರೋಟಾನ್ ಒಂಬತ್ತಾದವು, ಒಳಗೆ ಅಡ್ಡ ಇರುವವು ಅವೇ ಎರಡು. ಹೊಸದಾಗಿ ಬಂದವರೆಲ್ಲ ಪಕ್ಕದಲ್ಲಿ ನಿಂತವರು. ಹಾಗಾಗಿ ಸೆಳೆತ ಬಿಗಿಯಾಗುತ್ತದೆ, ತ್ರಿಜ್ಯ 152 ಪಿಕೊಮೀಟರಿನಿಂದ 64ಕ್ಕೆ ಕುಗ್ಗುತ್ತದೆ. ಸೋಡಿಯಂನಲ್ಲಿ ಹೊಸ ಸಾಲು ಶುರು, ತ್ರಿಜ್ಯ ಒಮ್ಮೆಲೇ 186ಕ್ಕೆ ಹಿಗ್ಗುತ್ತದೆ.

ಬಿಗಿಯಾಗಿ ಹಿಡಿದದ್ದನ್ನು ಕೀಳಲು ಹೆಚ್ಚು ಶಕ್ತಿ ಬೇಕು. ಹಾಗಿದ್ದರೆ ಎಲೆಕ್ಟ್ರಾನ್ ಕೀಳಲು ಬೇಕಾದ ಈ ಅಯಾನೀಕರಣ ಶಕ್ತಿ ಆವರ್ತ ಕೋಷ್ಟಕದ ಸಾಲಿನಲ್ಲಿ ಎಡದಿಂದ ಬಲಕ್ಕೆ ಏರುತ್ತಲೇ ಹೋಗಬೇಕಲ್ಲ? 'ಏರುತ್ತದೆ' ಎಂದು ಬಾಯಿಪಾಠ ಮಾಡಿದವರು ಮುಗ್ಗರಿಸುವುದು ಇಲ್ಲೇ. ಗ್ರಾಫ್ ಹಾಳೆ ತೆಗೆಯಿರಿ, ನಾನು ಹೇಳುವ ಅಂಕಿಗಳನ್ನು ಗುರುತು ಹಾಕಿ. ಮೋಲ್‌ಗೆ ಇಷ್ಟು ಕಿಲೋಜೂಲ್ ಎಂಬ ಲೆಕ್ಕ: ಲಿಥಿಯಂ 520, ಬೆರಿಲಿಯಂ 899, ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2080.

ಗೆರೆ ಎಳೆದರೆ ಎರಡು ಕಡೆ ತಗ್ಗು ಬೀಳುತ್ತದೆ. ನನಗೆ ಇಡೀ ಏರಿಗಿಂತ ಈ ತಗ್ಗುಗಳೇ ಇಷ್ಟ.

ಬೋರಾನ್‌ನ ಕೊನೆಯ ಎಲೆಕ್ಟ್ರಾನ್ 2p ಉಪಕವಚದ್ದು. 2s ಎಲೆಕ್ಟ್ರಾನಿಗೆ ನ್ಯೂಕ್ಲಿಯಸ್ ಹತ್ತಿರ ನುಸುಳುವ ಅಭ್ಯಾಸವಿದೆ, 2pಗೆ ಅಷ್ಟಿಲ್ಲ. ಸಾಲದ್ದಕ್ಕೆ 2s ಜೋಡಿ ಅದಕ್ಕೆ ಸ್ವಲ್ಪ ಅಡ್ಡವೂ ಆಗುತ್ತದೆ. ಪ್ರೋಟಾನ್ ಒಂದು ಹೆಚ್ಚಿದ್ದರೂ ಅದನ್ನು ಕೀಳುವುದು ಸಲೀಸು. ಆಕ್ಸಿಜನ್ ಕಥೆ ಬೇರೆ. ನೈಟ್ರೋಜನ್‌ನಲ್ಲಿ ಮೂರು p ಕಕ್ಷಕಗಳಿಗೆ ಮೂರು ಎಲೆಕ್ಟ್ರಾನ್, ತಲಾ ಒಂದು ಕೋಣೆ. ನಾಲ್ಕನೆಯದು ಬಂದಾಗ ಒಂದೇ ಕೋಣೆಯಲ್ಲಿ ಇಬ್ಬರಾಗಿ ಪರಸ್ಪರ ತಳ್ಳಾಟ ಶುರುವಾಗುತ್ತದೆ. ಅವರಲ್ಲೊಬ್ಬನನ್ನು ಹೊರಗೆ ಕಳಿಸುವುದು ಕಷ್ಟವಲ್ಲ.

ಈಗ ಪುಸ್ತಕ ಮುಚ್ಚಿ. ಸೋಡಿಯಂ ಸಾಲಿನಲ್ಲಿ ತಗ್ಗು ಎಲ್ಲಿ ಬರಬೇಕು, ಹೇಳಿ ನೋಡೋಣ. ಅಲ್ಯೂಮಿನಿಯಂ ಮತ್ತು ಸಲ್ಫರ್ ಎಂದವರು ಸರಿ. ಮೆಗ್ನೀಷಿಯಂ 737, ಅಲ್ಯೂಮಿನಿಯಂ 577. ಫಾಸ್ಫರಸ್ 1011, ಸಲ್ಫರ್ 999, ಅಂದರೆ ಎರಡನೇ ತಗ್ಗು ತೀರಾ ಆಳವಿಲ್ಲ. ಕೋಣೆ ದೊಡ್ಡದಾದಷ್ಟು ತಳ್ಳಾಟ ಕಡಿಮೆ.

ಇದೇ ಧೈರ್ಯದಲ್ಲಿ ಅಲ್ಯೂಮಿನಿಯಂ ಕೆಳಗಿನ ಗ್ಯಾಲಿಯಂ ದೊಡ್ಡದಿರಬೇಕು ಎಂದು ಬರೆದುಬಿಟ್ಟೀರಿ! ತ್ರಿಜ್ಯ ನೋಡಿ: ಅಲ್ಯೂಮಿನಿಯಂ 143 ಪಿಕೊಮೀಟರ್, ಗ್ಯಾಲಿಯಂ 135. ನಡುವೆ ಹತ್ತು 3d ಎಲೆಕ್ಟ್ರಾನ್, ಹತ್ತು ಪ್ರೋಟಾನ್ ಸೇರಿವೆ. ಈ d ಮಂದಿ ಒಳಗೇ ನಿಂತಿದ್ದರೂ ಹರಡಿಕೊಂಡು ನಿಲ್ಲುವುದರಿಂದ ಸರಿಯಾಗಿ ಅಡ್ಡ ಆಗುವುದಿಲ್ಲ. ಹಿಂದಿನವನಿಗೂ ಸಂದಿಯಲ್ಲಿ ತೇರು ಕಾಣುತ್ತದೆ.