ಮಳೆಗಾಲದಲ್ಲಿ ನಮ್ಮ ಮನೆಗೆ ಬರುವವರು ಕೇಳುವ ಪ್ರಶ್ನೆಗಳು

ಕೇಳುಗರಿಗೆ ನಮಸ್ಕಾರ.

ಹೆಬ್ರಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಹಿಂದೆ ಘಟ್ಟ, ಮುಂದೆ ಗದ್ದೆ. ಪಕ್ಕದಲ್ಲಿ ಅಡಿಕೆ ತೋಟ, ತೋಟದ ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದೇವೆ. ಜೂನ್ ಬಂತೆಂದರೆ ಫೋನ್ ಜಾಸ್ತಿ. ಮಾಡುವವರಲ್ಲಿ ಹೆಚ್ಚಿನವರು ಹಳ್ಳಿ ಮನೆಯಲ್ಲಿ ಒಂದು ರಾತ್ರಿಯೂ ಉಳಿದವರಲ್ಲ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಗೊತ್ತಿಲ್ಲದ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಬರುವಾಗ ಕೇಳಲೇಬೇಕು ಅಲ್ವಾ? ಮಳೆಗಾಲಕ್ಕೆ ಸಂಬಂಧಪಟ್ಟ ಕೆಲವು ಪ್ರಶ್ನೆಗಳಿಗೆ ಇವತ್ತು ಉತ್ತರ ಹೇಳುತ್ತೇನೆ.

ಮೊದಲ ಪ್ರಶ್ನೆ ದಾರಿಯದು. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಬರುತ್ತಾರೆ. ಅಲ್ಲಿಂದ ಹೆಬ್ರಿ ಹತ್ತಿರ. ರೈಲಿನವರು ಉಡುಪಿಯಲ್ಲಿ ಇಳಿದರೆ ಹೆಬ್ರಿಗೆ ಬಸ್ ಸಿಗುತ್ತದೆ. ಇಷ್ಟರವರೆಗೆ ಯಾರಿಗೂ ಕಷ್ಟವಿಲ್ಲ. ಕಷ್ಟ ಇರುವುದು ಕೊನೆಯ ಎರಡು ಮೂರು ಕಿಲೋಮೀಟರಿನಲ್ಲಿ. ಮೊಬೈಲಿನ ಮ್ಯಾಪ್ ಹತ್ತಿರದ ದಾರಿ ತೋರಿಸುತ್ತದೆ. ಆ ದಾರಿ ಬೇಸಿಗೆಯಲ್ಲಿ ಬೈಕಿಗೆ ಸರಿ, ಮಳೆಗಾಲದಲ್ಲಿ ಕಾರಿಗೆ ಆಗುವುದಿಲ್ಲ. ಚಕ್ರ ಕೆಸರಿನಲ್ಲಿ ಕೂತರೆ ಎಬ್ಬಿಸಲು ಊರಿನ ನಾಲ್ಕು ಜನ ಬರಬೇಕು. ಅದಕ್ಕೇ ಹೇಳುವುದು, ಪೇಟೆಯಲ್ಲಿ ಸಿಗ್ನಲ್ ಇರುವಾಗಲೇ ಒಂದು ಫೋನ್ ಮಾಡಿ. ಮುಂದಕ್ಕೆ ಬಂದ ಮೇಲೆ ಸಿಗ್ನಲ್ ಇರುತ್ತದೆ ಎಂದು ಹೇಳಲಾಗುವುದಿಲ್ಲ. ಕತ್ತಲಾಗುವ ಮೊದಲು ಬಂದುಬಿಡಿ. ಘಾಟಿಯಲ್ಲಿ ಮಂಜು ಕವಿದರೆ ಎದುರಿನ ವಾಹನವೂ ಕಾಣುವುದಿಲ್ಲ.

ಊಟದ ಬಗ್ಗೆ ಒಂದು ಮಾತು ಮೊದಲೇ ಹೇಳುತ್ತೇನೆ. ಕರಾವಳಿಗೆ ಬಂದರೆ ದಿನಾ ತಾಜಾ ಮೀನು ಎಂದುಕೊಂಡು ಬರುವವರು ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಸಮಯ ಎಂದು ಆ ನಿಷೇಧ. ಮಲ್ಪೆಯಲ್ಲಿ ಬೋಟುಗಳೆಲ್ಲ ದಡ ಸೇರಿರುತ್ತವೆ. ನಾಡದೋಣಿಯವರು ಕಡಲು ನೋಡಿಕೊಂಡು ಹೋಗುತ್ತಾರೆ. ಅವರು ತಂದ ದಿನ ಮೀನು ಉಂಟು, ಇಲ್ಲದ ದಿನ ಒಣಮೀನು. ಅದರ ಬದಲು ಆ ಎರಡು ತಿಂಗಳಲ್ಲಿ ಬೇರೆಲ್ಲೂ ಸಿಗದ ಅಡುಗೆ ನಮ್ಮಲ್ಲಿ ಇರುತ್ತದೆ. ಕುಚ್ಚಲಕ್ಕಿ ಗಂಜಿ, ಹಲಸಿನ ಹಪ್ಪಳ, ಕಣಿಲೆ ಪಲ್ಯ, ಪತ್ರೊಡೆ. ಪತ್ರೊಡೆಗೆ ಕೆಸುವಿನ ಎಲೆ ಬೇಕು. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಆದ್ದರಿಂದ ಹುಣಸೆಹುಳಿ ಧಾರಾಳ ಹಾಕುತ್ತೇವೆ. ಹುಳಿ ಆಗದವರು ಮೊದಲೇ ಹೇಳಿದರೆ ಬೇರೆ ಏನಾದರೂ ಮಾಡುತ್ತೇವೆ.

ಇನ್ನು ಎಲ್ಲರೂ ಸ್ವಲ್ಪ ಅಳುಕಿನಿಂದ ಕೇಳುವ ಪ್ರಶ್ನೆ. 'ಅಕ್ಕಾ, ಅಲ್ಲಿ ಉಂಬಳ ಇದೆಯಂತೆ?'

ಇದೆ. ಉಂಬಳ ಅಂದರೆ ರಕ್ತ ಹೀರುವ ಜಿಗಣೆ, ಮಳೆ ಹಿಡಿದ ಮೇಲೆ ತೋಟಕ್ಕೆ ಹೋದರೆ ಕಾಲಿಗೆ ಹತ್ತಿಯೇ ಹತ್ತುತ್ತದೆ. ಇಲ್ಲ ಎಂದು ಹೇಳುವ ಹೋಂಸ್ಟೇಯವರನ್ನು ನೀವು ನಂಬಬೇಡಿ. ಕೊಳೆತ ಎಲೆಗಳ ನಡುವೆ ಅದು ಕಾದಿರುತ್ತದೆ. ನೀವು ಹತ್ತಿರ ಬಂದದ್ದು ನೆಲದ ಅದುರಿನಿಂದ, ಮೈಯ ಬಿಸಿಯಿಂದ ಅದಕ್ಕೆ ಗೊತ್ತಾಗುತ್ತದೆ.

ಪೇಟೆಯಿಂದ ಬಂದವರು ದಪ್ಪ ಶೂ ಹಾಕಿಕೊಂಡು ತೋಟಕ್ಕೆ ಇಳಿಯುತ್ತಾರೆ. ಉಂಬಳ ಶೂ ಮೇಲೆ ಹತ್ತಿ, ಕಾಲುಚೀಲದ ಒಳಗೆ ನುಗ್ಗಿ ಆರಾಮವಾಗಿ ಕೂರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಶೂ ಬಿಚ್ಚುವಾಗ ಕಾಲುಚೀಲ ಕೆಂಪಾಗಿರುತ್ತದೆ, ಆಗ ಗಾಬರಿ. ನಮ್ಮ ತೋಟದ ಕೆಲಸದವರನ್ನು ನೋಡಿ. ಬರಿಗಾಲು, ಇಲ್ಲವೇ ರಬ್ಬರ್ ಚಪ್ಪಲಿ. ಹತ್ತಿದ ಕೂಡಲೇ ಕಣ್ಣಿಗೆ ಕಾಣುತ್ತದೆ, ಕಚ್ಚುವ ಮೊದಲೇ ತೆಗೆದು ಹಾಕುತ್ತಾರೆ. ನೀವೂ ಮೊಣಕಾಲಿನವರೆಗೆ ಪ್ಯಾಂಟ್ ಮಡಚಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಹತ್ತು ಹೆಜ್ಜೆಗೊಮ್ಮೆ ಕಾಲು ನೋಡಿಕೊಳ್ಳಿ. ಬೇಕಾದರೆ ಹೊಗೆಸೊಪ್ಪು ನೆನೆಸಿದ ತೆಂಗಿನೆಣ್ಣೆ ಕೊಡುತ್ತೇವೆ. ಅದು ಸ್ವಲ್ಪ ಹೊತ್ತಿಗೆ ಸರಿ, ಜೋರು ಮಳೆಗೆ ತೊಳೆದುಹೋಗುತ್ತದೆ. ಮಕ್ಕಳ ಕಾಲಿಗೆ ಅದನ್ನು ಹಚ್ಚಬೇಡಿ, ಕೈ ಬಾಯಿಗೆ ಹೋಗುತ್ತದೆ.

ಕಚ್ಚಿದ ಮೇಲೆ ಎಳೆದು ಕೀಳಬೇಡಿ. ಬೆಂಕಿಕಡ್ಡಿ ತಾಗಿಸುವುದೂ ಬೇಡ. ಉಗುರನ್ನು ಚರ್ಮಕ್ಕೆ ಒತ್ತಿ, ಅದರ ಬಾಯಿಯ ಅಡಿಗೆ ಮೆಲ್ಲ ಜಾರಿಸಿ. ಹಿಡಿತ ಬಿಡುತ್ತದೆ. ಉಂಬಳದ ಎರಡು ತುದಿಯೂ ಅಂಟಿಕೊಳ್ಳುತ್ತದೆ, ಕಚ್ಚುವುದು ಸಣ್ಣ ತುದಿ. ಅದನ್ನು ಮೊದಲು ಬಿಡಿಸಬೇಕು. ಆಮೇಲೆ ಸೋಪು ನೀರಿನಲ್ಲಿ ತೊಳೆದು, ಒಣ ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಕೂಡಲೇ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿದೆ. ಗಂಟೆಗಟ್ಟಲೆ ಸಣ್ಣಗೆ ಜಿನುಗಿದರೂ ಹೆದರಬೇಡಿ. ಎರಡು ಮೂರು ದಿನ ತುರಿಕೆ ಇರುತ್ತದೆ, ಕೆರೆಯಬಾರದು. ಕೆರೆದರೆ ಹುಣ್ಣಾಗುತ್ತದೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ನಮಗೆ ಮೊದಲೇ ಹೇಳಬೇಕು. ಅವರಿಗೆ ಜಗಲಿಯೇ ಒಳ್ಳೆಯದು. ತೋಟಕ್ಕೆ ನಾವು ಕರೆದುಕೊಂಡು ಹೋಗುವುದಿಲ್ಲ.

ಇನ್ನೊಂದು ಪ್ರಶ್ನೆ ಇದೆ. ಅದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಉತ್ತರ ಹೇಳುತ್ತೇನೆ. 'ಮಕ್ಕಳು ತೋಡಿನಲ್ಲಿ ಆಡಬಹುದಾ?'

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಡುವ ಹಾಗಿಲ್ಲ. ಇಳಿಯುವ ಹಾಗೂ ಇಲ್ಲ. ಇದನ್ನು ಕೇಳಿ ಬೇಜಾರು ಮಾಡಿಕೊಂಡವರಿದ್ದಾರೆ. ನೀರು ಮೊಣಕಾಲಿನವರೆಗೂ ಇಲ್ಲ, ತಳದ ಕಲ್ಲು ಕಾಣುತ್ತದೆ, ಮೇಲೆ ಬಿಸಿಲೂ ಇದೆ. ಮತ್ತೆ ಯಾಕೆ ಬೇಡ ಎನ್ನುತ್ತೀರಿ ಎಂದು ಕೇಳುತ್ತಾರೆ.

ಒಂದು ಜುಲೈ ತಿಂಗಳ ಮಧ್ಯಾಹ್ನದ ವಿಷಯ ಹೇಳುತ್ತೇನೆ. ಬೆಂಗಳೂರಿನ ಒಂದು ಕುಟುಂಬ ಬಂದಿತ್ತು. ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಅಜ್ಜ. ಊಟ ಆಗಿತ್ತು. ಅಂಗಳದಲ್ಲಿ ಒಳ್ಳೆಯ ಬಿಸಿಲು. ತೋಡು ನೋಡಿ ಬರೋಣ ಎಂದು ದಡದವರೆಗೆ ಹೋದೆವು. ನೀರು ಪಾದ ಮುಳುಗುವಷ್ಟೇ ಇತ್ತು. ಅಲ್ಲಿ ಹಿಂದೆ ಬಟ್ಟೆ ಒಗೆಯುತ್ತಿದ್ದ ಒಂದು ಚಪ್ಪಟೆ ಕಲ್ಲು ಇದೆ. ಅದರ ಮೇಲ್ಭಾಗ ನೀರಿನಿಂದ ಒಂದು ಗೇಣು ಮೇಲಿತ್ತು. ಆದರೆ ಪೂರ್ವಕ್ಕೆ ನೋಡಿದರೆ ಘಟ್ಟವೇ ಕಾಣಿಸುತ್ತಿರಲಿಲ್ಲ. ಕಪ್ಪು ಮೋಡ ಪೂರ್ತಿ ಇಳಿದಿತ್ತು.

ಆಚೆ ದಡದ ತೋಟದಲ್ಲಿದ್ದ ನೆರೆಮನೆಯ ಅಣ್ಣ ಕೂಗಿ ಹೇಳಿದರು, 'ಮೇಲೆ ಹೋಗಿ, ನೀರು ಬಣ್ಣ ತಿರುಗಿದೆ.' ನೋಡಿದರೆ ಹೌದು. ತಿಳಿನೀರಿನ ನಡುವೆ ಚಹಾದಂಥ ಕೆಂಪು ಎಳೆಗಳು ಬರುತ್ತಿದ್ದವು. ಅದರ ಹಿಂದೆ ತರಗೆಲೆ, ಕಡ್ಡಿ, ನೊರೆ. ನಾವು ತೋಟದ ಮೇಲಿನ ಕಟ್ಟೆ ಹತ್ತಿ ನಿಂತೆವು. ಕಾಲು ಗಂಟೆಯೊಳಗೆ ಒಗೆಯುವ ಕಲ್ಲು ಕಾಣೆಯಾಯಿತು. ಸಂಕದ ಅಡಿಯಿಂದ ತೆಂಗಿನ ಮಡಲು, ಒಂದು ಅಡಿಕೆ ಮರದ ತುಂಡು ರಭಸದಿಂದ ಹೋದವು. ನಾವು ನಿಂತಲ್ಲಿ ಆಗಲೂ ಒಂದು ಹನಿ ಮಳೆ ಇಲ್ಲ. ಆ ಅಜ್ಜ ಮೊಮ್ಮಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಕಾರಣ ಇಷ್ಟೇ. ತೋಡಿನ ನೀರು ನಮ್ಮ ಅಂಗಳದ ಮಳೆಯದ್ದಲ್ಲ, ಘಟ್ಟದ ಮಳೆಯದ್ದು. ಕಡಿದಾದ ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲುವುದಿಲ್ಲ. ಜುಲೈ ಹೊತ್ತಿಗೆ ಮಣ್ಣು ಸಾಕಷ್ಟು ಕುಡಿದಿರುತ್ತದೆ, ಮತ್ತೆ ಹಿಡಿದಿಟ್ಟುಕೊಳ್ಳಲಾಗುವುದಿಲ್ಲ. ಎಲ್ಲವೂ ಒಟ್ಟಿಗೆ ಕೆಳಗೆ ಬರುತ್ತದೆ. ಸೆಳೆತ ಇದ್ದರೆ ಮೊಣಕಾಲಿನಷ್ಟು ನೀರು ಸಾಕು, ದೊಡ್ಡವರ ಕಾಲೂ ಕಿತ್ತು ಬರುತ್ತದೆ. ತಳದ ಕಲ್ಲಿನಲ್ಲಿ ಹಾವಸೆ ಬೇರೆ.

ಆದ್ದರಿಂದ ನೀವು ಈ ಕಡೆ ಯಾವ ಮನೆಯಲ್ಲಿ ಉಳಿದರೂ ಕೆಲವು ಗುರುತು ನೆನಪಿಟ್ಟುಕೊಳ್ಳಿ. ನೀರು ಕದಡಿದರೆ, ಎಲೆ ಕಡ್ಡಿ ಒಮ್ಮೆಲೇ ಜಾಸ್ತಿ ತೇಲಿ ಬಂದರೆ, ಹರಿಯುವ ಸದ್ದು ದಪ್ಪವಾದರೆ, ಆ ಕ್ಷಣವೇ ಮೇಲೆ ಹತ್ತಿ. ಚಪ್ಪಲಿ, ಮೊಬೈಲ್ ಎಂದು ಹಿಂದೆ ತಿರುಗಬೇಡಿ. ತೋಡಿನ ಆಚೆ ಸಿಕ್ಕಿಕೊಂಡರೆ ದಾಟಲು ಹೋಗಬೇಡಿ, ಅಲ್ಲೇ ಎತ್ತರದ ಜಾಗದಲ್ಲಿ ನಿಲ್ಲಿ. ಹೆಚ್ಚಾಗಿ ಕೆಲವು ಗಂಟೆಯಲ್ಲಿ ನೀರು ಇಳಿಯುತ್ತದೆ. ಇಳಿಯದಿದ್ದರೆ ನಾವು ದೊಡ್ಡ ಸೇತುವೆಯ ಮೇಲೆ ಸುತ್ತಿ ಬಂದು ಕರೆದುಕೊಂಡು ಹೋಗುತ್ತೇವೆ. ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕದ ಮೇಲೆ ಫೋಟೋಕ್ಕೆ ನಿಲ್ಲುವುದೂ ಬೇಡ. ಒದ್ದೆಯಾದ ಮರ ಬಹಳ ಜಾರುತ್ತದೆ.

ತೋಡಿಗಿಂತಲೂ ನನಗೆ ಹೆದರಿಕೆ ಕಲ್ಲುಕೋರೆಯದ್ದು. ಮುರಕಲ್ಲು ತೆಗೆದು ಬಿಟ್ಟ ಹೊಂಡಗಳು ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ. ಹಸಿರು ನೀರು, ಅಲೆ ಇಲ್ಲ, ನೋಡಲು ಈಜುಕೊಳದಂತೆ ಕಾಣುತ್ತದೆ. ಆದರೆ ಬದಿ ಗೋಡೆಯ ಹಾಗೆ ನೆಟ್ಟಗೆ ಕತ್ತರಿಸಿರುತ್ತದೆ. ಒಂದು ಹೆಜ್ಜೆ ಇಟ್ಟರೆ ಆಳ, ಹತ್ತಿ ಬರಲು ಹಿಡಿಯುವಂಥದ್ದು ಏನೂ ಇಲ್ಲ. ಈಜು ಬರುವವರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ದಯವಿಟ್ಟು ಅತ್ತ ಹೋಗಬೇಡಿ.

ಹಾಗಾದರೆ ಮಕ್ಕಳು ಮಳೆಗಾಲದಲ್ಲಿ ಏನು ಮಾಡಬೇಕು? ನೇಜಿ ನೆಡುವ ಸಮಯಕ್ಕೆ ಬಂದರೆ ಗದ್ದೆಗೆ ಇಳಿಯಲಿ. ಕೆಸರು ಮೊಣಕಾಲಿನವರೆಗೆ ಇರುತ್ತದೆ, ಸೆಳೆತ ಇಲ್ಲ, ಬಿದ್ದರೂ ಪೆಟ್ಟಾಗುವುದಿಲ್ಲ. ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಬೆಳಿಗ್ಗೆಯಿಂದ ರಾತ್ರಿಯವರೆಗೂ ಇರುತ್ತದೆ. ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ಹಾಕುತ್ತೇವೆ. ಕರೆಂಟ್ ಹೋದರೂ ಬಿಸಿನೀರಿಗೆ ತೊಂದರೆ ಇಲ್ಲ. ಒಂದೇ ಎಚ್ಚರಿಕೆ, ಹಂಡೆಯ ನೀರು ಕುದಿಯುತ್ತಿರುತ್ತದೆ. ಮೊದಲು ಬಕೆಟಿಗೆ ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಮಕ್ಕಳಿಗೆ ನೀವೇ ತೋಡಿಕೊಡಿ.

ಕರೆಂಟ್ ಹೋಗುತ್ತದೆಯಾ ಎಂದು ಕೇಳಿದರೆ, ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದ ದಿನ ಹೋಗುತ್ತದೆ. ಇನ್ವರ್ಟರಿನಲ್ಲಿ ದೀಪ, ಫ್ಯಾನ್ ನಡೆಯುತ್ತದೆ. ಟಾರ್ಚ್ ಮಾತ್ರ ತನ್ನಿ. ರಾತ್ರಿ ಅಂಗಳಕ್ಕೆ ಇಳಿಯುವಾಗ ಹಾವು ತುಳಿಯದ ಹಾಗೆ ನೆಲ ನೋಡಿ ನಡೆಯಬೇಕು.

ನೀರಿನಲ್ಲಿ ಆಡಲೇಬೇಕು ಎನ್ನುವವರು ಡಿಸೆಂಬರಿನಲ್ಲಿ ಬನ್ನಿ. ಮಳೆ ನಿಂತ ಮೇಲೆ ಊರಿನವರು ಸೇರಿ ತೋಡಿಗೆ ಅಡ್ಡ ಮಣ್ಣಿನ ಕಟ್ಟ ಹಾಕುತ್ತಾರೆ. ತೋಟಕ್ಕೆ ನೀರು ನಿಲ್ಲಲಿ ಎಂದು. ಕಟ್ಟದ ಹಿಂದೆ ತಿಳಿನೀರು ನಿಲ್ಲುತ್ತದೆ. ಎಲ್ಲಿ ಎಷ್ಟು ಆಳ ಎಂದು ನಾವು ಮೊದಲು ಇಳಿದು ತೋರಿಸುತ್ತೇವೆ. ಆಮೇಲೆ ಮಕ್ಕಳು ಇಳಿಯಲಿ, ನಾವೂ ಜೊತೆಗಿರುತ್ತೇವೆ.

ಕೊನೆಯದಾಗಿ, ಬರುವ ದಿನ ರೆಡ್ ಅಲರ್ಟ್ ಇದ್ದರೆ? ನಾವೇ ಫೋನ್ ಮಾಡಿ ಬೇಡ ಎನ್ನುತ್ತೇವೆ. ಕೊಟ್ಟ ಮುಂಗಡ ಹಾಗೇ ಇರುತ್ತದೆ, ಬೇರೆ ದಿನ ಬನ್ನಿ. ನೀವು ಉಳಿಯುವುದು ಬೇರೆ ಮನೆಯಲ್ಲಾದರೂ ಈ ಪ್ರಶ್ನೆಯನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ನಮಸ್ಕಾರ.