ಒಂದು ಮಾಸ್ಟರ್ ರೆಸ್ಯೂಮೆ, ಮೂರು ಅರ್ಜಿ

ಕೇಳುಗರಿಗೆ ನಮಸ್ಕಾರ.

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ಲೆಕ್ಕಪತ್ರ ನೋಡಿಕೊಂಡ ಬಿಕಾಂ ಪದವೀಧರೆ ಒಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ಈಗ ಕೆಲಸ ಬದಲಿಸುವ ಯೋಚನೆ. ಹಂಪನಕಟ್ಟೆಯ ಸಿಎ ಕಚೇರಿಯೊಂದಕ್ಕೆ ಜಿಎಸ್‌ಟಿ ಕೆಲಸಕ್ಕೆ ಜನ ಬೇಕಂತೆ. ಮಣಿಪಾಲದ ಒಂದು ಸಂಸ್ಥೆಯ ಸಂಬಳ ವಿಭಾಗದಲ್ಲಿ ಹುದ್ದೆ ಖಾಲಿ ಇದೆ. ಪೇಟೆಯ ಬಿಪಿಒ ಒಂದು ಎಂಐಎಸ್ ವರದಿ ತಯಾರಿಸುವವರನ್ನು ಕರೆದಿದೆ. ಅನುಭವ ಅದೇ ನಾಲ್ಕು ವರ್ಷದ್ದು, ಕೇಳುವವರು ಮೂರು ಬಗೆ.

ಸಾಮಾನ್ಯವಾಗಿ ಆಗುವುದು ಎರಡರಲ್ಲೊಂದು. ಮೂರೂ ಕಡೆಗೆ ಒಂದೇ ರೆಸ್ಯೂಮೆ ಹೋಗುತ್ತದೆ, ಇಲ್ಲವೇ ಮಧ್ಯರಾತ್ರಿವರೆಗೆ ಕೂತು ಮೂರನ್ನೂ ಮೊದಲಿಂದ ಬರೆಯುವುದಾಗುತ್ತದೆ. ಹೀಗೆ ಬರೆದ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಕೆಲಸಕ್ಕೆ ಸೇರಿದ್ದು ಜೂನ್, ಇನ್ನೊಂದರಲ್ಲಿ ಜುಲೈ. ಒಂದರಲ್ಲಿ ಹಳೆಯ ಮೊಬೈಲ್ ನಂಬರ್. ಇದಕ್ಕೆ ಪರಿಹಾರ, ಯಾರಿಗೂ ಕಳಿಸದ ಒಂದು ಮಾಸ್ಟರ್ ಪ್ರತಿಯನ್ನು ಇಟ್ಟುಕೊಳ್ಳುವುದು. ಅಕ್ಕಿ ಮುಡಿ ಇದ್ದ ಹಾಗೆ. ಮುಡಿಯನ್ನು ಯಾರೂ ಒಲೆಯ ಮೇಲಿಡುವುದಿಲ್ಲ, ಬೇಕಾದಷ್ಟು ಅಳೆದು ತೆಗೆಯುತ್ತಾರೆ.

ಮಾಸ್ಟರ್ ಪ್ರತಿ ಚೆಂದ ಕಾಣಬೇಕಾಗಿಲ್ಲ. ಬಣ್ಣ, ಗೆರೆ, ಫೋಟೋ ಯಾವುದೂ ಬೇಡ. ಐದಾರು ಪುಟ ಆದರೂ ಅಡ್ಡಿಯಿಲ್ಲ. ಹೆಸರು, ವಿಳಾಸ, ಓದು, ಕೆಲಸದ ತಾರೀಖುಗಳು ಮೇಲೆ ಒಂದೇ ಸಲ ಬರಲಿ. ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಮನೆತನದ ಹೆಸರು ಇರುವುದು ಮಾಮೂಲು. ರೆಸ್ಯೂಮೆಯಿಂದ ರೆಸ್ಯೂಮೆಗೆ ಅದೂ ಬದಲಾದರೆ ದಾಖಲೆ ಪರಿಶೀಲನೆಯ ದಿನ ತಲೆನೋವು.

ಇನ್ನು ಮುಖ್ಯ ಭಾಗ, ಮಾಡಿದ ಕೆಲಸಗಳ ಪಟ್ಟಿ. ಇದನ್ನು ವರ್ಡ್‌ನಲ್ಲಿ ಮೂರು ಕಾಲಂನ ಟೇಬಲ್ ಮಾಡಿ ಬರೆಯುವುದು ಒಳ್ಳೆಯದು. ಮೊದಲ ಕಾಲಂನಲ್ಲಿ ಒಂದು ಕೆಲಸಕ್ಕೆ ಒಂದು ವಾಕ್ಯ. ಎರಡನೆಯದರಲ್ಲಿ ಆ ವಾಕ್ಯ ಯಾವ ಬಗೆಯ ಹುದ್ದೆಗೆ ಹೊಂದುತ್ತದೆ ಎಂಬ ಗುರುತು: ಜಿಎಸ್‌ಟಿ, ಸಂಬಳ, ವರದಿ, ಹೀಗೆ. ಮೂರನೆಯದರಲ್ಲಿ ಪುರಾವೆ, ಅಂದರೆ ವಾಕ್ಯದಲ್ಲಿರುವ ಅಂಕಿ ಎಲ್ಲಿಂದ ಬಂತು, ಯಾರಾದರೂ ಕೇಳಿದರೆ ಏನು ವಿವರಿಸಬಹುದು ಎಂಬುದು.

ವಾಕ್ಯಕ್ಕೆ ಒಂದು ಕಟ್ಟುನಿಟ್ಟು ಇದೆ. ಅದು ಒಂಟಿಯಾಗಿ ನಿಲ್ಲಬೇಕು. 'ಅದೇ ಸಾಫ್ಟ್‌ವೇರ್‌ನಲ್ಲಿ', 'ಮೇಲೆ ಹೇಳಿದ ವರದಿಯನ್ನು' ಎಂದು ಬರೆದರೆ, ನಾಳೆ ಮೇಲಿನ ವಾಕ್ಯವನ್ನು ಕಿತ್ತು ಹಾಕಿದಾಗ ಕೆಳಗಿನದು ಅನಾಥ. ವಾಕ್ಯಗಳನ್ನು ಆ ಕಡೆ ಈ ಕಡೆ ಮಾಡುವುದಕ್ಕಾಗಿಯೇ ಈ ಪಟ್ಟಿ ಇರುವುದರಿಂದ, ಟ್ಯಾಲಿ ಎಂದರೆ ಪ್ರತಿ ವಾಕ್ಯದಲ್ಲೂ ಟ್ಯಾಲಿ ಎಂದೇ ಬರೆಯಬೇಕು. ಓದಲು ಬೇಸರ ಬರಬಹುದು, ಬರಲಿ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ರೆಸ್ಯೂಮೆ ಇಂಗ್ಲಿಷಿನಲ್ಲೇ ಇರುತ್ತದೆ, ಇಲ್ಲಿ ಅರ್ಥ ಹೇಳುತ್ತೇನೆ. ನಮ್ಮ ಹುಡುಗಿ ಪ್ರತಿ ತಿಂಗಳು ಜಿಎಸ್‌ಟಿಆರ್ 2ಬಿಯನ್ನು, ಅಂದರೆ ಸರಬರಾಜುದಾರರು ಜಿಎಸ್‌ಟಿಗೆ ತೋರಿಸಿದ ಬಿಲ್‌ಗಳ ಪಟ್ಟಿಯನ್ನು, ಖರೀದಿ ಬಿಲ್‌ಗಳ ಜೊತೆ ತಾಳೆ ನೋಡುತ್ತಿದ್ದಳು. 2ಬಿ ಸಿಗುವುದು ತಿಂಗಳ 14ಕ್ಕೆ, ತೆರಿಗೆ ಲೆಕ್ಕ ಕೊಡುವ 3ಬಿ ರಿಟರ್ನ್‌ಗೆ, ತಿಂಗಳಿಗೊಮ್ಮೆ ಸಲ್ಲಿಸುವವರಿಗೆ, ಕೊನೆಯ ದಿನ 20. ಕೆಲಸವೆಲ್ಲ ನಡುವಿನ ಈ ಆರು ದಿನಗಳಲ್ಲಿ. ಮಾಸ್ಟರ್ ಪ್ರತಿಯಲ್ಲಿ ಅವಳು ಬರೆಯಬೇಕಾದದ್ದು ಹೀಗೆ: 'ಪ್ರತಿ ತಿಂಗಳು ಸುಮಾರು 220 ಖರೀದಿ ಬಿಲ್‌ಗಳನ್ನು ಎಕ್ಸೆಲ್‌ನಲ್ಲಿ ಜಿಎಸ್‌ಟಿಆರ್ 2ಬಿ ಜೊತೆ ತಾಳೆ ನೋಡಿ, ಬಾರದ ಬಿಲ್‌ಗಳ ಪಟ್ಟಿ ಮಾಡಿ, ಸರಬರಾಜುದಾರರನ್ನು ಸಂಪರ್ಕಿಸಿ, 20ರೊಳಗೆ 3ಬಿಗೆ ಬೇಕಾದ ಅಂಕಿ ಸಿದ್ಧಪಡಿಸಿದ್ದು.' ಗುರುತು: ಜಿಎಸ್‌ಟಿ, ವರದಿ. ಪುರಾವೆ: ಟ್ಯಾಲಿಯ ಸ್ಟ್ಯಾಟಿಸ್ಟಿಕ್ಸ್ ವರದಿಯಲ್ಲಿ ಕಂಡ ಖರೀದಿ ವೋಚರ್‌ಗಳ ಸಂಖ್ಯೆ, ಹನ್ನೆರಡು ತಿಂಗಳ ಸರಾಸರಿ.

ಈ ಎಣಿಕೆಯನ್ನು ಕೆಲಸ ಬಿಡುವ ಮೊದಲೇ ಮಾಡಿಕೊಳ್ಳಬೇಕು. ಬಿಟ್ಟ ಮೇಲೆ ಆ ಕಂಪ್ಯೂಟರ್ ಕೈಗೆ ಸಿಗುವುದಿಲ್ಲ, 220 ಹೋಗಿ 'ಬಹಳಷ್ಟು' ಆಗಿಬಿಡುತ್ತದೆ. ಬರೆದುಕೊಳ್ಳುವುದು ಎಣಿಕೆಯನ್ನು ಮಾತ್ರ. ಕಂಪೆನಿಯ ಫೈಲು, ಗಿರಾಕಿಗಳ ಹೆಸರು, ದರ ಇವನ್ನು ಮನೆಗೆ ತರುವುದು ತಪ್ಪು.

ಸಿಎ ಕಚೇರಿಗೆ ಈ ವಾಕ್ಯ ಪೂರ್ತಿಯಾಗಿ ಹೋಗುತ್ತದೆ, ಅದೂ ಮೊದಲ ಸ್ಥಾನದಲ್ಲಿ. ಬಿಪಿಒದವರಿಗೆ 3ಬಿ ಎಂದರೇನೆಂದು ಗೊತ್ತಿರಬೇಕಾಗಿಲ್ಲ. ಅವರ ಜಾಹೀರಾತಿನಲ್ಲಿ ಇರುವುದು ಎಕ್ಸೆಲ್, ಲುಕಪ್, ಪಿವೋಟ್, ಗಡುವು. ಹಾಗಾಗಿ ಅದೇ ವಾಕ್ಯದ ಮುಖ ತಿರುಗುತ್ತದೆ: 'ಪ್ರತಿ ತಿಂಗಳು 220 ಸಾಲುಗಳ ಎರಡು ಪಟ್ಟಿಗಳನ್ನು ಎಕ್ಸೆಲ್ ಲುಕಪ್‌ನಿಂದ ತಾಳೆ ನೋಡಿ, ವ್ಯತ್ಯಾಸಗಳ ವರದಿಯನ್ನು ಆರು ದಿನಗಳ ಗಡುವಿನಲ್ಲಿ ಕೊಟ್ಟದ್ದು.' ಲುಕಪ್ ಬಳಸಿದ್ದು ನಿಜವಾದರೆ ಮಾತ್ರ, ಕಣ್ಣಿನಿಂದಲೇ ನೋಡಿದ್ದಾದರೆ ಲುಕಪ್ ಎಂದು ಬರೆಯುವ ಹಾಗಿಲ್ಲ. ಮಣಿಪಾಲದ ಸಂಬಳ ವಿಭಾಗಕ್ಕೆ ಈ ವಾಕ್ಯ ಕೆಳಗಿಳಿಯುತ್ತದೆ ಅಥವಾ ಬಿಟ್ಟೇ ಹೋಗುತ್ತದೆ. ಮೇಲೆ ಬರುವುದು ಇನ್ನೊಂದು: 'ಟ್ಯಾಲಿಯಲ್ಲಿ 180 ಕಾರ್ಮಿಕರ ಸಂಬಳ ಪಟ್ಟಿ ತಯಾರಿಸಿ, ಪಿಎಫ್ ಮತ್ತು ಇಎಸ್‌ಐ ವಂತಿಗೆಯನ್ನು ಪ್ರತಿ ತಿಂಗಳ 15ರೊಳಗೆ ಕಟ್ಟಿಸಿದ್ದು.'

ಇಲ್ಲಿ ಒಂದು ಗೆರೆ ಇದೆ. ಮಾಡಿದ ಕೆಲಸದ ಯಾವ ಮುಖ ತೋರಿಸಬೇಕು ಎಂಬುದು ನಿಮ್ಮ ಆಯ್ಕೆ. ಆದರೆ 'ಸಹಾಯ ಮಾಡಿದ್ದು' ಎಂಬುದು 'ನಿರ್ವಹಿಸಿದ್ದು' ಆಗಬಾರದು. ಮೂರನೇ ಕಾಲಂ ಇರುವುದೇ ಇದಕ್ಕೆ. ಅಲ್ಲಿ ಬರೆಯಲು ಏನೂ ಹೊಳೆಯದಿದ್ದರೆ ಮೊದಲ ಕಾಲಂನ ಮಾತು ಉಬ್ಬಿದೆ ಎಂದೇ ಅರ್ಥ.

ಈಗ ಕಳಿಸುವ ಪ್ರತಿ ಮಾಡುವ ಬಗೆ. ಜಾಹೀರಾತನ್ನು ಕಾಗದದ ಮೇಲೆ ಇಳಿಸಿಕೊಳ್ಳಿ. ಅವರು ಕೇಳಿದ ಕೆಲಸಗಳು, ಸಾಫ್ಟ್‌ವೇರ್‌ಗಳ ಹೆಸರುಗಳಿಗೆ ಅಡಿಗೆರೆ ಹಾಕಿ. ಆರೆಂಟು ಸಿಗುತ್ತವೆ. 'ಉತ್ಸಾಹಿ', 'ತಂಡದಲ್ಲಿ ಬೆರೆಯುವವರು' ಮುಂತಾದವಕ್ಕೆ ಗೆರೆ ಹಾಕುವ ಶ್ರಮ ಬೇಡ, ಅವು ಎಲ್ಲ ಜಾಹೀರಾತಿನಲ್ಲೂ ಇರುತ್ತವೆ. ಆಮೇಲೆ ಮಾಸ್ಟರ್ ಪ್ರತಿಯ ಗುರುತು ನೋಡಿ ಐದಾರು ವಾಕ್ಯ ಆರಿಸಿ. ಒಂದೇ ಕಾಲಂನ, ಖಾಲಿ ಇಟ್ಟ ಸರಳ ನಮೂನೆಯೊಂದರಲ್ಲಿ ಅವನ್ನು ಅಂಟಿಸಿ. ಅಂಟಿಸುವಾಗ ಬರೇ ಅಕ್ಷರಗಳನ್ನಷ್ಟೇ ಅಂಟಿಸುವ ಆಯ್ಕೆ ಬಳಸಿ. ಇಲ್ಲದಿದ್ದರೆ ಟೇಬಲ್‌ನ ಗೆರೆ, ಹಳೆಯ ಫಾಂಟ್ ಎಲ್ಲ ಹಿಂದೆಯೇ ಬರುತ್ತವೆ.

ಬದಲಾಗುವುದು ಮೂರೇ ಜಾಗ. ಮೇಲಿನ ಎರಡು ಸಾಲಿನ ಪರಿಚಯ, ಕೌಶಲಗಳ ಅನುಕ್ರಮ, ಮತ್ತು ಇತ್ತೀಚಿನ ಕೆಲಸದ ಕೆಳಗಿನ ವಾಕ್ಯಗಳು. ತಾರೀಖು, ಹುದ್ದೆಯ ಹೆಸರು, ಓದು ಇವನ್ನು ಮುಟ್ಟುವ ಹಾಗಿಲ್ಲ. ಮೊದಲ ಸಲ ಒಂದು ಗಂಟೆ ಹಿಡಿಯಬಹುದು, ಕೈ ಕುದುರಿದ ಮೇಲೆ ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ಮಾಸ್ಟರ್ ಪ್ರತಿಯಲ್ಲಿ ವಾಕ್ಯಗಳು ಸಾಲುತ್ತಿಲ್ಲ, ಅಥವಾ ಹುದ್ದೆ ನಿಮ್ಮ ಅನುಭವಕ್ಕೆ ದೂರ.

ಈ ಪದ್ಧತಿ ಹಾಳಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕಳಿಸುವ ಪ್ರತಿಯಲ್ಲಿ ಕೂತಾಗ ಒಂದು ವಾಕ್ಯ ಚೆನ್ನಾಗಿ ಬರುತ್ತದೆ, ಅಥವಾ ಒಂದು ತಪ್ಪು ಕಣ್ಣಿಗೆ ಬೀಳುತ್ತದೆ. ಅಲ್ಲೇ ತಿದ್ದಿ ಕಳಿಸಿಬಿಡುತ್ತೇವೆ, ಮಾಸ್ಟರ್‌ನಲ್ಲಿ ಹಳೆಯದೇ ಉಳಿಯುತ್ತದೆ. ಆರು ತಿಂಗಳಲ್ಲಿ ಮಾಸ್ಟರ್‌ಗಿಂತ ಯಾವುದೋ ಒಂದು ಪ್ರತಿಯೇ ಚೆನ್ನಾಗಿರುತ್ತದೆ, ಯಾವುದು ಎಂದು ನೆನಪಿರುವುದಿಲ್ಲ. ಅದಕ್ಕೆ ತಿದ್ದುಪಡಿ ಮೊದಲು ಮಾಸ್ಟರ್‌ನಲ್ಲಿ, ಆಮೇಲೆ ಪ್ರತಿಯಲ್ಲಿ. ಕಳಿಸಿದ ಮೇಲೆ ಆ ಪ್ರತಿಯ ಪಿಡಿಎಫ್ ಮಾತ್ರ ಇಟ್ಟುಕೊಂಡು ವರ್ಡ್ ಫೈಲನ್ನು ಅಳಿಸಿಬಿಡಿ. ಕಠಿಣ ಎನಿಸಬಹುದು. ಆದರೆ ವರ್ಡ್ ಫೈಲ್ ಇದ್ದರೆ ಮುಂದಿನ ಸಲ ಕೈ ಅದಕ್ಕೇ ಹೋಗುತ್ತದೆ, ಹಳೆಯ ಕಂಪೆನಿಯ ಹೆಸರು ಹೊಸ ಕಂಪೆನಿಗೆ ಹೋಗುವುದು ಹಾಗೆಯೇ.

ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಎಲ್ಲ ವಾಕ್ಯಗಳನ್ನೂ ಒಂದೇ ಫೈಲಿನಲ್ಲಿಟ್ಟು, ಬೇಡವಾದದ್ದನ್ನು ವರ್ಡ್‌ನ ಹಿಡನ್ ಎಂಬ ಆಯ್ಕೆಯಿಂದ ಮರೆಮಾಡುತ್ತಾರೆ. ಪಿಡಿಎಫ್ ಕಳಿಸುವವರೆಗೆ ತೊಂದರೆಯಿಲ್ಲ. ಕಂಪೆನಿ ವರ್ಡ್ ಫೈಲನ್ನೇ ಕೇಳಿತೆನ್ನಿ, ಆ ಕಡೆಯವರು ಒಂದು ಗುಂಡಿ ಒತ್ತಿದರೆ ಮರೆಯಲ್ಲಿದ್ದದ್ದೆಲ್ಲ ಎದುರಿಗೆ. ನನ್ನ ಅಭಿಪ್ರಾಯದಲ್ಲಿ ಈ ಜಾಣತನ ಬೇಡ.

ಕಳಿಸುವ ಮೊದಲು ಎರಡು ಪರೀಕ್ಷೆ. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಫೋನ್ ನಂಬರ್ ಇದೆಯೇ, ಸಾಲುಗಳು ಕ್ರಮವಾಗಿ ಬಂದಿವೆಯೇ ನೋಡಿ. ಎರಡು ಕಾಲಂನ ಚೆಂದದ ನಮೂನೆಗಳಲ್ಲಿ ಎಡದ ಸಾಲು ಬಲದ ಸಾಲಿನೊಳಗೆ ಹೊಕ್ಕಿರುವುದುಂಟು. ರೆಸ್ಯೂಮೆ ಓದುವ ಸಾಫ್ಟ್‌ವೇರ್‌ಗೂ ಅದು ಹಾಗೆಯೇ ಕಾಣುವ ಸಾಧ್ಯತೆ ಹೆಚ್ಚು. ಎರಡನೆಯದು, ಫೈಲಿನ ಪ್ರಾಪರ್ಟೀಸ್ ತೆರೆದು ಶೀರ್ಷಿಕೆ ಮತ್ತು ಲೇಖಕರ ಹೆಸರು ನೋಡಿ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದರೆ ಅಲ್ಲಿ ಅಂಗಡಿಯ ಹೆಸರೋ, ಹಿಂದೆ ಬಂದು ಹೋದ ಗಿರಾಕಿಯ ಹೆಸರೋ ಇರುವುದುಂಟು.

ಕೊನೆಗೆ ಒಂದು ನೋಟ್‌ಬುಕ್ ಸಾಕು. ತಾರೀಖು, ಕಂಪೆನಿ, ಹುದ್ದೆ, ಕಳಿಸಿದ ಪಿಡಿಎಫ್‌ನ ಹೆಸರು. ಜಾಹೀರಾತನ್ನೂ ಉಳಿಸಿಟ್ಟುಕೊಳ್ಳಿ, ಅರ್ಜಿಯ ಅವಧಿ ಮುಗಿದ ಮೇಲೆ ಅದು ಜಾಲತಾಣದಿಂದ ಮಾಯವಾಗುತ್ತದೆ. ಮೂರು ವಾರ ಬಿಟ್ಟು ನೀವು ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ಬಸ್ಸಿನಲ್ಲಿ ನಿಂತಿರುವಾಗ ಫೋನ್ ಬರುತ್ತದೆ, 'ನಿಮ್ಮ ರೆಸ್ಯೂಮೆಯಲ್ಲಿ 180 ಜನರ ಸಂಬಳ ಪಟ್ಟಿ ಅಂತ ಇದೆಯಲ್ಲ, ಸ್ವಲ್ಪ ಹೇಳ್ತೀರಾ?' ಸಂಬಳದ ವಾಕ್ಯ ಮೇಲೆ ಬಂದದ್ದು ಮಣಿಪಾಲಕ್ಕೆ ಹೋದ ಪ್ರತಿಯಲ್ಲಿ. ಬಸ್ಸಿಳಿದು ಹತ್ತು ನಿಮಿಷದಲ್ಲಿ ಮಾತಾಡುತ್ತೇನೆ ಎಂದು ಹೇಳಿ, ನೋಟ್‌ಬುಕ್‌ನ ಆ ಸಾಲು ಹುಡುಕಿ, ಆ ಪಿಡಿಎಫ್ ತೆರೆದಿಟ್ಟುಕೊಂಡೇ ತಿರುಗಿ ಫೋನ್ ಮಾಡಿ.

ನಮಸ್ಕಾರ.